ಅತ್ತೆಯ ಹೇರ್‌ಪಿನ್ನೂ ಕುಕ್ಕರಿನ ಕವಾಟವೂ

"ಒಂದು ಹೇರ್‌ಪಿನ್ ಕೊಡೇ ಇಲ್ಲಿ" ಎಂದರು ನಮ್ಮತ್ತೆ.

ಅಡುಗೆಮನೆಯ ಕಟ್ಟೆಯ ಮೇಲೆ ಹೊಸ ಪ್ರೆಶರ್ ಕುಕ್ಕರ್ ಇತ್ತು. ಒಲೆ ಹಚ್ಚಿರಲಿಲ್ಲ, ಕುಕ್ಕರಿನಲ್ಲಿ ನೀರೂ ಇರಲಿಲ್ಲ. ಅತ್ತೆಯ ಎಡಗೈಯಲ್ಲಿ ನಾನು ಅನುವಾದಿಸಿದ ಕೈಪಿಡಿಯ ಹಾಳೆಗಳು, ಬಲಗೈಯಲ್ಲಿ ಕುಕ್ಕರಿನ ಮುಚ್ಚಳ. "ಪ್ರತಿ ಬಾರಿ ಬಳಸುವ ಮುನ್ನ ಕವಾಟವನ್ನು ಸಣ್ಣ ತಂತಿಯಿಂದ ಸ್ವಚ್ಛಗೊಳಿಸಿ" ಅಂತ ಗಟ್ಟಿಯಾಗಿ ಓದಿದರು. ಮುಚ್ಚಳವನ್ನು ಮಗುಚಿ ಒಮ್ಮೆ ನೋಡಿದರು. ನಾನು ಕೊಟ್ಟ ಹೇರ್‌ಪಿನ್ ಹಿಡಿದು ನೇರವಾಗಿ ಸೇಫ್ಟಿ ವಾಲ್ವಿಗೆ ಚುಚ್ಚಲು ಹೋದರು.

"ಅಯ್ಯೋ ಅತ್ತೆ, ಅದಲ್ಲ, ಅದಲ್ಲ!" ಎಂದು ಕೂಗಿ ಕೈ ಹಿಡಿದುಕೊಂಡೆ.

"ನೀನೇ ತಾನೇ ಬರೆದಿದ್ದು? ಇದು ವಾಲ್ವು. ವಾಲ್ವು ಅಂದ್ರೆ ಕವಾಟ ಅಂತ ನೀನೇ ಹೇಳಿದ್ದೆ."

ಅವರು ಹೇಳಿದ್ದು ಸರಿ. ತಪ್ಪು ನನ್ನ ಅನುವಾದದ್ದು. ಆ ಹೇರ್‌ಪಿನ್ನಿನಿಂದಾಗಿ ನಾನು ಇಡೀ ಕೈಪಿಡಿಯನ್ನು ಮೊದಲಿನಿಂದ ಬರೆಯಬೇಕಾಯಿತು. ಹಾಗೆ ಬರೆಯುವಾಗ ಕಲಿತ ನಾಲ್ಕು ಮಾತುಗಳನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಒಂದೇ ಹೆಸರು, ಎರಡು ತೂತು

ಮಕ್ಕಳು ದೊಡ್ಡವರಾದ ಮೇಲೆ ಮನೆಯಲ್ಲೇ ಕೂತು ಅನುವಾದದ ಕೆಲಸ ಮಾಡುತ್ತಿದ್ದೇನೆ. ಮಿಕ್ಸಿ, ಗೀಸರ್, ಇಸ್ತ್ರಿಪೆಟ್ಟಿಗೆ ಹೀಗೆ ಏನೇನೋ ಸಾಮಾನಿನ ಕೈಪಿಡಿಗಳು ಇಂಗ್ಲಿಷಿನಿಂದ ಕನ್ನಡಕ್ಕೆ ಬರುತ್ತವೆ. ಕುಕ್ಕರಿನ ಕೈಪಿಡಿ ಬಂದಾಗ ಇದೇನು ಮಹಾ ಅಂದುಕೊಂಡೆ. ಮದುವೆಯಾದಾಗಿನಿಂದ ದಿನಾ ಬಳಸುವ ವಸ್ತು, ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಧೈರ್ಯ.

ಕುಕ್ಕರಿನ ಮುಚ್ಚಳದಲ್ಲಿ ಹಬೆಗೆ ಎರಡು ದಾರಿಗಳಿವೆ. ಮೊದಲನೆಯದು ನಾವು ವಿಸಿಲ್ ಕೂರಿಸುವ ಸಣ್ಣ ಕೊಳವೆ. ದಿನಾ ಹಬೆ ಹೋಗುವುದು ಇದರಲ್ಲೇ. ಬೇಳೆಯ ಸಿಪ್ಪೆ, ಅನ್ನದ ಅಗುಳು, ಸೊಪ್ಪಿನ ಚೂರು ಸಿಕ್ಕಿಕೊಂಡರೆ ಇದು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಸಲವೂ ಬೆಳಕಿಗೆ ಹಿಡಿದು ನೋಡಬೇಕು, ಬೇಕಾದರೆ ತಂತಿಯಿಂದ ಬಿಡಿಸಬೇಕು.

ಎರಡನೆಯದು ಸೇಫ್ಟಿ ವಾಲ್ವ್. ಇದು ಸಾಮಾನ್ಯ ದಿನಗಳಲ್ಲಿ ಸುಮ್ಮನೆ ಮುಚ್ಚಿಕೊಂಡೇ ಇರುತ್ತದೆ. ನಾನು ಅನುವಾದಿಸುತ್ತಿದ್ದ ಕುಕ್ಕರಿನಲ್ಲಿ ಇದರ ನಡುವೆ ಬೇಗ ಕರಗುವ ಮಿಶ್ರಲೋಹದ ಚೂರು ಇತ್ತು. ನೀರು ಆರಿಹೋಗಿಯೋ ಕೊಳವೆ ಕಟ್ಟಿಯೋ ಒಳಗಿನ ಬಿಸಿ ಮಿತಿಮೀರಿದರೆ ಆ ಚೂರು ಕರಗಿ ದಾರಿ ಬಿಡುತ್ತದೆ, ಹಬೆ ಹೊರಗೆ ಹೋಗುತ್ತದೆ. ಒಮ್ಮೆ ಕರಗಿದರೆ ಆ ವಾಲ್ವನ್ನೇ ಬದಲಾಯಿಸಬೇಕು. ಅದಕ್ಕೆ ಚುಚ್ಚಬಾರದು, ಏನನ್ನೂ ತುರುಕಿ ಮುಚ್ಚಬಾರದು.

ಅಂದರೆ ಒಂದನ್ನು ತಂತಿಯಿಂದ ಚುಚ್ಚಲೇಬೇಕು, ಇನ್ನೊಂದನ್ನು ಚುಚ್ಚಲೇಬಾರದು. ಮೂಲದಲ್ಲಿ ಇವೆರಡಕ್ಕೂ ಬೇರೆ ಬೇರೆ ಹೆಸರುಗಳೇ ಇದ್ದವು. ನಾನು ನಿಘಂಟು ತೆಗೆದು ಆರನೇ ಪುಟದಲ್ಲಿ ಕೊಳವೆಗೆ 'ಕವಾಟ' ಎಂದು ಬರೆದಿದ್ದೆ. ಒಂಬತ್ತನೇ ಪುಟದಲ್ಲಿ ಸೇಫ್ಟಿ ವಾಲ್ವಿಗೆ 'ಸುರಕ್ಷತಾ ಕವಾಟ' ಎಂದು ಬರೆದು, ಮುಂದಿನ ಸಾಲಿನಲ್ಲಿ ಉದ್ದವಾಯಿತೆಂದು ಬರೀ 'ಕವಾಟ' ಎಂದು ಚಿಕ್ಕದು ಮಾಡಿದ್ದೆ. ನನ್ನ ತಲೆಯಲ್ಲಿ ಅವು ಬೇರೆ ಬೇರೆಯಾಗಿದ್ದವು, ಕಾಗದದ ಮೇಲೆ ಒಂದೇ ಆಗಿಹೋಗಿದ್ದವು. ಓದುವವರಿಗೆ ನನ್ನ ತಲೆ ಕಾಣುವುದಿಲ್ಲವಲ್ಲ!

ಅತ್ತೆ ಅವತ್ತು ಮಾಡಹೊರಟ ಹಾಗೆಯೇ ಯಾರಾದರೂ ದಿನಾ ಮಾಡಿದರೆ ಕಟ್ಟಿದ ಕೊಳವೆ ಕಟ್ಟಿಕೊಂಡೇ ಇರುತ್ತದೆ, ಕಾಯಬೇಕಾದ ವಾಲ್ವು ಕೆಡುತ್ತದೆ. ಇರುವ ಎರಡು ದಾರಿಗಳೂ ಒಂದೇ ಪದದಿಂದ ಹಾಳಾಗುತ್ತವೆ.

ಅಂಗಡಿಯವನು ಕೊಡುವ ಹೆಸರು

ಮಾರನೆಯ ದಿನ ಒಂದು ನೋಟ್‌ಬುಕ್ ತೆಗೆದು ಬಿಡಿಭಾಗಗಳ ಪಟ್ಟಿ ಮಾಡಿದೆ. ಪ್ರತಿ ಭಾಗದ ಮುಂದೆ ನಾನು ಬಳಸಿದ್ದ ಪದಗಳನ್ನೆಲ್ಲ ಬರೆದುಕೊಂಡೆ. ನಾಚಿಕೆಯಾಯಿತು. ಗ್ಯಾಸ್ಕೆಟ್ಟಿಗೆ ಒಂದು ಕಡೆ 'ರಬ್ಬರ್ ಉಂಗುರ', ಇನ್ನೊಂದು ಕಡೆ 'ಮುದ್ರಕ', ಮತ್ತೊಂದು ಕಡೆ 'ಗ್ಯಾಸ್ಕೆಟ್'. ಶಾಲೆಯಲ್ಲಿ ಪ್ರಬಂಧ ಬರೆಯುವಾಗ ಮೇಷ್ಟ್ರು "ಒಂದೇ ಪದ ಮತ್ತೆ ಮತ್ತೆ ಬರಬಾರದು" ಎಂದು ಕಲಿಸಿದ್ದರಲ್ಲ, ಆ ಅಭ್ಯಾಸ ಇಲ್ಲಿ ಕೈಕೊಟ್ಟಿತ್ತು. ಕೈಪಿಡಿಯಲ್ಲಿ ಒಂದೇ ಪದ ಮತ್ತೆ ಮತ್ತೆ ಬರಲೇಬೇಕು. ಪದ ಬದಲಾದರೆ ಓದುವವರು ಇದು ಬೇರೆ ಯಾವುದೋ ಭಾಗ ಎಂದುಕೊಂಡು ಹುಡುಕತೊಡಗುತ್ತಾರೆ.

ಇನ್ನು ಯಾವ ಹೆಸರು ಇಡುವುದು? ಮೂರು ಪ್ರಶ್ನೆ ಕೇಳಿಕೊಂಡೆ. ಮನೆಯಲ್ಲಿ ಈ ಹೆಸರು ಹೇಳಿದರೆ ಆ ಭಾಗವನ್ನು ಎತ್ತಿ ಕೊಡುತ್ತಾರೆಯೇ? ಅಂಗಡಿಗೆ ಹೋಗಿ ಈ ಹೆಸರು ಕೇಳಿದರೆ ಅದೇ ಭಾಗ ಸಿಗುತ್ತದೆಯೇ? ಇದೇ ಹೆಸರು ಇನ್ಯಾವುದಕ್ಕಾದರೂ ಅಂಟಿಕೊಂಡಿದೆಯೇ?

'ಮುದ್ರಕ' ಮೊದಲ ಎರಡು ಪ್ರಶ್ನೆಗಳಲ್ಲೇ ಸೋತಿತು. ಪಾತ್ರೆ ಅಂಗಡಿಯಲ್ಲಿ ಮುದ್ರಕ ಕೊಡಿ ಅಂದರೆ ಪ್ರಿಂಟರ್ ರಿಪೇರಿಯವರ ವಿಳಾಸ ಹೇಳಿಯಾರು. 'ರಬ್ಬರ್' ಎಂದರೆ ಸಿಗುತ್ತದೆ, ಆದರೆ ಹಿಡಿಕೆಯ ಕೆಳಗೂ ಇನ್ನೊಂದು ರಬ್ಬರ್ ಬಿಲ್ಲೆ ಇರುವುದರಿಂದ ಮೂರನೇ ಪ್ರಶ್ನೆಯಲ್ಲಿ ಸೋತಿತು. ಉಳಿದದ್ದು ಗ್ಯಾಸ್ಕೆಟ್. ಅದನ್ನೇ ಇಟ್ಟೆ. ಸೇಫ್ಟಿ ವಾಲ್ವನ್ನೂ ಹಾಗೆಯೇ ಉಳಿಸಿಕೊಂಡೆ, 'ಕವಾಟ' ಎಂಬ ಪದವನ್ನು ಪುಸ್ತಕದಿಂದಲೇ ತೆಗೆದುಹಾಕಿದೆ. ಹಬೆ ಹೋಗುವ ತೂತಿಗೆ ನಮ್ಮಲ್ಲಿ ಒಂದು ಖಾಯಂ ಹೆಸರಿಲ್ಲ. ಅದು ಮಾಡುವ ಕೆಲಸ ನೋಡಿ 'ಹಬೆ ಕೊಳವೆ' ಎಂದೆ.

ಅತಿ ಕಷ್ಟ ಕೊಟ್ಟಿದ್ದು ವಿಸಿಲ್. ಮೂಲದ ಪದವನ್ನು ಹಿಡಿದು ನಾನು 'ತೂಕ' ಎಂದು ಬರೆದಿದ್ದೆ. ಧಾರವಾಡದ ನಮ್ಮ ಚಿಕ್ಕಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. "ತೂಕ ತಗೀರಿ ಅಂದ್ರ ಏನ ತಗೀಬೇಕವಾ? ಅಕ್ಕಿ ತೂಕ ಮಾಡೂದನ?" ಎಂದು ನಕ್ಕರು. ಅವರ ಕಡೆ ಅದು ಸೀಟಿ, ನಮ್ಮ ಕಡೆ ವಿಸಿಲ್. ಆದರೆ ವಿಸಿಲ್ ಎಂದರೆ ವಸ್ತುವೂ ಹೌದು, ಶಬ್ದವೂ ಹೌದು. 'ಮೂರು ವಿಸಿಲ್ ಆದ ಮೇಲೆ ವಿಸಿಲ್ ತೆಗೆಯಿರಿ' ಎಂದು ಬರೆದರೆ ಹೊಸಬರಿಗೆ ಗೊಂದಲ. ಅದಕ್ಕೇ ವಸ್ತುವಿಗೆ 'ವಿಸಿಲ್', ಶಬ್ದಕ್ಕೆ 'ಕೂಗು' ಎಂದು ಭಾಗ ಮಾಡಿದೆ. ಮೊದಲ ಪುಟದ ಚಿತ್ರದಲ್ಲಿ ಒಂದೇ ಒಂದು ಸಲ 'ವಿಸಿಲ್ (ಸೀಟಿ)' ಎಂದು ಕೊಟ್ಟು, ಮುಂದೆ ಎಲ್ಲಾ ಕಡೆ ವಿಸಿಲ್ ಎಂದೇ ಬರೆದೆ. ಚಿಕ್ಕಮ್ಮನೂ ಒಪ್ಪಿದರು.

ಸಣ್ಣಪುಟ್ಟವೂ ಇದ್ದವು. 'ಹಿಡಿ' ಎಂದರೆ ಭಾಗವೋ ಆಜ್ಞೆಯೋ ತಿಳಿಯುವುದಿಲ್ಲ, ಆದ್ದರಿಂದ 'ಹಿಡಿಕೆ'. ಹಬೆ ಎಂದ ಮೇಲೆ ಹಬೆಯೇ, ನಡುವೆ ಆವಿ ಬರಬಾರದು. 'ಒತ್ತಡ'ಕ್ಕಿಂತ 'ಪ್ರೆಶರ್' ನಮ್ಮ ಅಡುಗೆಮನೆಯ ಮಾತು. "ಪ್ರೆಶರ್ ಇಳೀತಾ ನೋಡೇ" ಎಂದೇ ತಾನೇ ನಾವು ಕೇಳುವುದು?

'ಎತ್ತಿ' ಎಂದರೆ ಎತ್ತಬೇಕೋ, ಎತ್ತಿ ಆಗಿದೆಯೋ?

ಹೆಸರುಗಳು ಸರಿಯಾದವು, ಇನ್ನು ಕ್ರಿಯಾಪದಗಳ ಸರದಿ. ನನ್ನ ಹಳೆಯ ಕರಡಿನಲ್ಲಿ ಒಂದು ಕಡೆ 'ಇಡಿ', ಒಂದು ಕಡೆ 'ಇಡಬೇಕು', ಮತ್ತೊಂದು ಕಡೆ 'ಇಡತಕ್ಕದ್ದು', ಇನ್ನೊಂದು ಕಡೆ 'ಇಡಲಾಗುತ್ತದೆ' ಎಲ್ಲವೂ ಇದ್ದವು. 'ಇಡಲಾಗುತ್ತದೆ' ಎಂದರೆ ಯಾರು ಇಡುತ್ತಾರೆ? ಕಂಪನಿಯವರೇ ಇಟ್ಟು ಕಳಿಸಿದ್ದಾರೆಯೇ? ಮಾಡಬೇಕಾದ ಕೆಲಸಕ್ಕೆಲ್ಲ 'ಇಡಿ, ನೋಡಿ, ತೆರೆಯಿರಿ' ಎಂಬ ಒಂದೇ ಬಗೆ ಸಾಕು ಎಂದು ಗೆರೆ ಎಳೆದೆ.

ಅಲ್ಲೊಂದು ಗುಂಡಿ ಕಾದಿತ್ತು. ಹಳೆಯ ಕರಡಿನ ಈ ಸಾಲು ನೋಡಿ: 'ಒಲೆ ಆರಿಸಿ ವಿಸಿಲ್ ಎತ್ತಿ ಮುಚ್ಚಳ ತೆರೆಯಿರಿ.' ಕನ್ನಡದಲ್ಲಿ 'ಆರಿಸಿ' ಎಂದರೆ 'ನೀವು ಆರಿಸಿ' ಎಂಬ ಆಜ್ಞೆಯೂ ಹೌದು, 'ಆರಿಸಿದ ಮೇಲೆ' ಎಂದು ಮುಂದಿನ ಕೆಲಸಕ್ಕೆ ಜಾರುವ ರೂಪವೂ ಹೌದು. 'ಎತ್ತಿ'ಯೂ ಅಷ್ಟೇ. ಸಾಲನ್ನು ಓದಿದ ಅತ್ತೆ ಮೂರೂ ಕೆಲಸವನ್ನು ಒಂದೇ ಉಸಿರಿನಲ್ಲಿ, ಎರಡೇ ಸೆಕೆಂಡಿನಲ್ಲಿ ಮಾಡಿ ಮುಗಿಸಿದರು. ಖಾಲಿ ಕುಕ್ಕರ್ ಆಗಿದ್ದರಿಂದ ಸರಿಹೋಯಿತು. ನಿಜವಾಗಿ ಬೆಂದ ಕುಕ್ಕರಾಗಿದ್ದರೆ ಆ ಮೂರು ಕೆಲಸಗಳ ನಡುವೆ ಎಷ್ಟೋ ನಿಮಿಷ ಕಾಯಬೇಕಿತ್ತು. ಆ ಕಾಯುವಿಕೆಯನ್ನು ನನ್ನ ವಾಕ್ಯ ನುಂಗಿಹಾಕಿತ್ತು.

'ಎತ್ತಿರಿ, ಆರಿಸಿರಿ' ಎಂದು ಬರೆದರೆ ಗೊಂದಲ ಇರುವುದಿಲ್ಲ, ಆದರೆ ಹಳೆಯ ಪಠ್ಯಪುಸ್ತಕದ ಹಾಗೆ ಕೇಳಿಸುತ್ತದೆ. ಬದಲಿಗೆ ಒಂದು ಕೆಲಸಕ್ಕೆ ಒಂದು ವಾಕ್ಯ, ಒಂದು ಪೂರ್ಣವಿರಾಮ, ಒಂದು ಸಂಖ್ಯೆ ಎಂದು ಮಾಡಿಕೊಂಡೆ. ಕಾಯುವುದೂ ಒಂದು ಕೆಲಸವೇ, ಅದಕ್ಕೂ ತನ್ನದೇ ಸಂಖ್ಯೆ ಬೇಕು.

ಕೈ ಸುಡಬಹುದೇ?

ಎಚ್ಚರಿಕೆಯ ಮಾತುಗಳಿಗೆ ಬಂದಾಗ ಅತ್ತೆ ಒಂದು ಸಾಲಿನಲ್ಲಿ ನಿಂತರು. ನಾನು ಬರೆದದ್ದು ಹೀಗಿತ್ತು: 'ಒಳಗಿನ ಒತ್ತಡವು ಸಂಪೂರ್ಣವಾಗಿ ಬಿಡುಗಡೆಯಾಗದ ಹೊರತು ಮುಚ್ಚಳವನ್ನು ಬಲವಂತವಾಗಿ ತೆರೆಯಲು ಪ್ರಯತ್ನಿಸಬಾರದು, ಇದರಿಂದ ಗಂಭೀರ ಸುಟ್ಟಗಾಯಗಳು ಉಂಟಾಗಬಹುದು.'

"ಉಂಟಾಗಬಹುದು ಅಂದ್ರೆ ಆದ್ರೂ ಆಗಬಹುದು, ಆಗದೆಯೂ ಇರಬಹುದು ಅಂತ ತಾನೇ?" ಎಂದರು.

ಕನ್ನಡದ 'ಬಹುದು' ಎರಡು ಕೆಲಸ ಮಾಡುತ್ತದೆ. 'ಈಗ ಮುಚ್ಚಳ ತೆರೆಯಬಹುದು' ಎಂದರೆ ಅನುಮತಿ. 'ಕೈ ಸುಡಬಹುದು' ಎಂದರೆ ಸಾಧ್ಯತೆ. ಒಂದೇ ಪುಟದಲ್ಲಿ ಎರಡನ್ನೂ ಬಳಸಿದರೆ ಎಚ್ಚರಿಕೆಯ ಗಂಟಲು ಕಟ್ಟಿಹೋಗುತ್ತದೆ. ಅನುಮತಿಗೆ ಮಾತ್ರ 'ಬಹುದು' ಇರಲಿ, ಅಪಾಯಕ್ಕೆ ನೇರವಾಗಿ 'ಬಿಸಿ ಹಬೆ ಮೈ ಸುಡುತ್ತದೆ' ಎಂದೇ ಹೇಳೋಣ ಎಂದು ನಿರ್ಧರಿಸಿದೆ.

ಎರಡನೇ ತೊಂದರೆ 'ಆಗದ ಹೊರತು ಮಾಡಬಾರದು' ಎಂಬ ಜೋಡಿ ನಿಷೇಧ. ಎರಡು 'ಇಲ್ಲ'ಗಳನ್ನು ಕೂಡಿಸಿ ಕಳೆದು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಕೈ ಮುಚ್ಚಳದ ಮೇಲಿರುತ್ತದೆ. ಏನು ಮಾಡಬಾರದು ಎಂಬುದಕ್ಕಿಂತ ಅಲ್ಲಿಯವರೆಗೆ ಏನು ಮಾಡಬೇಕು ಎಂದು ಹೇಳಿದರೆ ಸಾಕು: ಕಾಯಿರಿ.

ಮೂರನೆಯದು ನಮ್ಮ ಭಾಷೆಯ ಸ್ವಭಾವವೇ. ಇಂಗ್ಲಿಷಿನಲ್ಲಿ 'ಬೇಡ' ವಾಕ್ಯದ ಮೊದಲಿಗೇ ಬರುತ್ತದೆ, ಕನ್ನಡದಲ್ಲಿ ಕೊನೆಗೆ. ಪ್ರೂಫ್ ಬಂದಾಗ ನೋಡಿದರೆ ಒಂದು ಪುಟದ ಕೊನೆಯ ಸಾಲು 'ಖಾಲಿ ಕುಕ್ಕರನ್ನು ಒಲೆಯ ಮೇಲೆ ಇಡ-' ಎಂದು ಮುಗಿದಿತ್ತು. 'ಬೇಡಿ' ಮುಂದಿನ ಪುಟದ ತುದಿಯಲ್ಲಿ ಒಂಟಿಯಾಗಿ ಕೂತಿತ್ತು! ಪುಟ ಕಟ್ಟುವ ಹುಡುಗನಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಅವನದೇನೂ ತಪ್ಪಿಲ್ಲ. ಆಮೇಲಿಂದ ಎಚ್ಚರಿಕೆಯ ವಾಕ್ಯಗಳನ್ನು ಐದಾರು ಪದಗಳಿಗೆ ಇಳಿಸಿದೆ. 'ಬೇಡಿ' ಸೇರಿದ ಪದವನ್ನು ಮುರಿಯಬಾರದು, ಎಚ್ಚರಿಕೆಯ ಚೌಕ ಎರಡು ಪುಟಕ್ಕೆ ಹರಿಯಬಾರದು ಎಂದು ಬರೆದು ಕೊಟ್ಟೆ. ಅಂತಿಮ ಪ್ರೂಫನ್ನು ನಾನೇ ನೋಡದೆ ಅಚ್ಚಿಗೆ ಕೊಡಬೇಡಿ ಎಂದೂ ಕೇಳಿಕೊಂಡೆ.

ಚೌಕದ ತಲೆಬರಹಕ್ಕೂ ಲೆಕ್ಕವಿದೆ. ಮೂಲದಲ್ಲಿ ಮೂರು ಹಂತಗಳಿದ್ದವು. ಜೀವಕ್ಕೇ ಕುತ್ತು ಬರುವುದು ಖಂಡಿತ ಎಂಬಲ್ಲಿ ಒಂದು ಪದ, ಅಂಥ ಸಂಭವವಿದೆ ಎಂಬಲ್ಲಿ ಇನ್ನೊಂದು, ಸಣ್ಣ ಗಾಯವಾಗುವಂಥ ಕಡೆ ಮತ್ತೊಂದು. ನಾನು ಎಲ್ಲಕ್ಕೂ 'ಎಚ್ಚರಿಕೆ' ಎಂದೇ ಬರೆದಿದ್ದೆ. ಗ್ಯಾಸ್ಕೆಟ್ ತೊಳೆಯುವುದಕ್ಕೂ ಎಚ್ಚರಿಕೆ, ಕುಕ್ಕರ್ ಸಿಡಿಯುವುದಕ್ಕೂ ಎಚ್ಚರಿಕೆ ಎಂದರೆ ಜನ ಎರಡನ್ನೂ ಓದುವುದಿಲ್ಲ. ಕ್ರಮವಾಗಿ 'ಅಪಾಯ', 'ಎಚ್ಚರಿಕೆ', 'ಜಾಗ್ರತೆ' ಎಂದು ಬೇರೆ ಮಾಡಿದೆ. ಬರೀ ಸಾಮಾನು ಹಾಳಾಗುವ ಕಡೆ 'ಗಮನಿಸಿ' ಎಂದರೆ ಸಾಕಾಯಿತು.

ಮುಚ್ಚಳ ತೆರೆಯುವ ಪುಟ

ಅಷ್ಟೆಲ್ಲ ಆದ ಮೇಲೆ ಆ ಉದ್ದನೆಯ ಸಾಲು ಹೀಗಾಯಿತು:

ಎಚ್ಚರಿಕೆ: ಬಿಸಿ ಹಬೆ ಮೈ ಸುಡುತ್ತದೆ.
1. ಒಲೆ ಆರಿಸಿ.
2. ಪ್ರೆಶರ್ ತಾನಾಗಿ ಇಳಿಯುವವರೆಗೆ ಕಾಯಿರಿ.
3. ಚಮಚದಿಂದ ವಿಸಿಲನ್ನು ಸ್ವಲ್ಪ ಎತ್ತಿ. ಹಬೆ ಬಂದರೆ ವಿಸಿಲ್ ಬಿಡಿ. ಮತ್ತೆ ಕಾಯಿರಿ.
4. ಹಬೆ ಬರದಿದ್ದರೆ ವಿಸಿಲ್ ತೆಗೆಯಿರಿ.
5. ಮುಚ್ಚಳ ತಿರುಗಿಸಿ.

ಖುಷಿಯಿಂದ ಅತ್ತೆಗೆ ತೋರಿಸಿದೆ. ಓದಿ ಮುಗಿಸಿ ಕೇಳಿದರು: "ಅಲ್ಲ ಕಣೇ, ಆ ಕೊಳವೇನೇ ಕಟ್ಟಿಕೊಂಡಿದ್ರೆ ವಿಸಿಲ್ ಎತ್ತಿದ್ರೂ ಹಬೆ ಬರಲ್ವಲ್ಲ? ಆಗ ಒಳಗೆ ಪ್ರೆಶರ್ ಇರುತ್ತಲ್ಲ?"

ನಾನು ಗಪ್‌ಚಿಪ್. ಹಬೆ ಬರಲಿಲ್ಲ ಎಂದ ಮಾತ್ರಕ್ಕೆ ಪ್ರೆಶರ್ ಇಲ್ಲ ಎಂದು ಅರ್ಥವಲ್ಲ. ಅದು ಇಂಗ್ಲಿಷ್ ಮೂಲದಲ್ಲೂ ಇರದ ಮಾತು. ಇಂಥಲ್ಲಿ ಅನುವಾದಕಿ ತಾನೇ ಒಂದು ಸಾಲು ಸೇರಿಸಿಬಿಡಬಾರದು. ಆ ಕುಕ್ಕರಿನ ಒಳಗುಟ್ಟು ಗೊತ್ತಿರುವುದು ಅದನ್ನು ಮಾಡಿದವರಿಗೆ. ಪ್ರಶ್ನೆ ಬರೆದು ಕಂಪನಿಗೆ ಕಳಿಸಿದೆ. ವಾರದ ನಂತರ ಅವರ ಎಂಜಿನಿಯರ್ ಒಪ್ಪಿಕೊಂಡು ಒಂದು ಹೆಜ್ಜೆ ಸೇರಿಸಿದರು, ಇಂಗ್ಲಿಷಿನಲ್ಲೂ:

6. ಮುಚ್ಚಳ ಬಿಗಿಯಾಗಿದ್ದರೆ ಬಲ ಹಾಕಬೇಡಿ. ಒಳಗೆ ಇನ್ನೂ ಪ್ರೆಶರ್ ಇದೆ. ಕುಕ್ಕರ್ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ.

ಇದೇ ಕಾರಣಕ್ಕೆ ಒಂದು ಕುಕ್ಕರಿನ ಅನುವಾದವನ್ನು ಇನ್ನೊಂದಕ್ಕೆ ಅಂಟಿಸಲು ಆಗುವುದಿಲ್ಲ. ಇದು ಮುಚ್ಚಳ ಹೊರಗೆ ಕೂರುವ ಕುಕ್ಕರ್. ಮುಚ್ಚಳ ಒಳಗಿನಿಂದ ಕೂರುವ ಕುಕ್ಕರಿನಲ್ಲಿ ತೆರೆಯುವ ಕ್ರಮವೇ ಬೇರೆ, ಅಲ್ಲಿ 'ತಿರುಗಿಸಿ' ಎಂಬ ಪದವೇ ತಪ್ಪು. ಹೆಸರುಗಳ ಪಟ್ಟಿಯನ್ನು ಇಟ್ಟುಕೊಳ್ಳಬಹುದು, ಹೆಜ್ಜೆಗಳನ್ನಲ್ಲ.

ಬಾಯಿ ಮುಚ್ಚಿಕೊಂಡು ನೋಡುವ ಪರೀಕ್ಷೆ

ಈಗ ಯಾವ ಕೈಪಿಡಿ ಬಂದರೂ ಒಂದು ಪರೀಕ್ಷೆ ಮಾಡುತ್ತೇನೆ. ಸಾಮಾನನ್ನು ಮುಂದಿಟ್ಟು, ಒಲೆ ಹಚ್ಚದೆ ಅಥವಾ ಪ್ಲಗ್ ಹಾಕದೆ, ಒಬ್ಬರಿಗೆ ಹಾಳೆ ಕೊಡುತ್ತೇನೆ. ಗಟ್ಟಿಯಾಗಿ ಓದಿ, ಓದಿದ್ದನ್ನು ಮಾಡಿ ಎನ್ನುತ್ತೇನೆ. ಆಮೇಲೆ ನಾನು ಒಂದಕ್ಷರ ಮಾತಾಡುವಂತಿಲ್ಲ. ಅವರ ಕೈ ಎಲ್ಲಿ ನಿಲ್ಲುತ್ತದೆ, ಎಲ್ಲಿ ತಪ್ಪು ಭಾಗಕ್ಕೆ ಹೋಗುತ್ತದೆ, ಯಾವ ಸಾಲನ್ನು ಎರಡು ಸಲ ಓದುತ್ತಾರೆ ಎಂದು ಗುರುತು ಹಾಕಿಕೊಳ್ಳುತ್ತೇನೆ. "ಅರ್ಥ ಆಯ್ತಾ?" ಎಂದು ಕೇಳುವುದು ದಂಡ. ನಮ್ಮವರು ಮರ್ಯಾದೆಗೆ "ಆಯ್ತು" ಎಂದೇ ಹೇಳುತ್ತಾರೆ. ಕೈ ಮಾತ್ರ ಸುಳ್ಳು ಹೇಳುವುದಿಲ್ಲ.

ಹೊಸ ಕರಡು ಕೊಟ್ಟಾಗ ಅತ್ತೆ 'ಹಬೆ ಕೊಳವೆಯನ್ನು ಬೆಳಕಿಗೆ ಹಿಡಿಯಿರಿ. ಒಳಗೆ ಬೆಳಕು ಕಾಣುತ್ತದೆಯೇ ನೋಡಿ' ಎಂದು ಓದಿ, ಮುಚ್ಚಳವನ್ನು ಕಿಟಕಿಯ ಕಡೆ ಎತ್ತಿ ಒಂದು ಕಣ್ಣು ಮುಚ್ಚಿ ನೋಡಿದರು. ಹೇರ್‌ಪಿನ್ ಸರಿಯಾದ ತೂತಿಗೇ ಹೋಯಿತು. 'ಸೇಫ್ಟಿ ವಾಲ್ವಿಗೆ ಏನನ್ನೂ ಚುಚ್ಚಬೇಡಿ' ಎಂಬ ಸಾಲು ಬಂದಾಗ ನನ್ನ ಮುಖ ನೋಡಿ ಸಣ್ಣಗೆ ನಕ್ಕರು.

ನಿಮ್ಮ ಮನೆಯ ಕುಕ್ಕರಿನ ಕೈಪಿಡಿ ಹಳೆಯ ಡಬ್ಬದಲ್ಲಿ ಎಲ್ಲೋ ಇರಬೇಕು. ಬಿಡುವಾದಾಗ ತೆಗೆದು ಮೊದಲ ಪುಟದ ಚಿತ್ರ ನೋಡಿ. ಪ್ರತಿ ಭಾಗದ ಪಕ್ಕ ನಿಮ್ಮ ಮನೆಯಲ್ಲಿ ಕರೆಯುವ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಒಳಗಿನ ಪುಟಗಳಲ್ಲಿ ಎರಡು ಭಾಗಗಳಿಗೆ ಒಂದೇ ಹೆಸರು ಕಂಡರೆ, ಕುಕ್ಕರನ್ನು ಎದುರಿಗಿಟ್ಟುಕೊಂಡು ಯಾವುದು ಯಾವುದೆಂದು ಖಚಿತ ಮಾಡಿಕೊಂಡು ತಿದ್ದಿ. ಅಡುಗೆ ಕಲಿಯುತ್ತಿರುವ ಮಗಳೋ ಮಗನೋ ನಾಳೆ ಅದನ್ನು ಓದುತ್ತಾರೆ. ಅಂದಹಾಗೆ, ನಿಮ್ಮ ಊರಿನಲ್ಲಿ ಆ ಹಬೆ ಕೊಳವೆಗೆ ಏನಾದರೂ ಹೆಸರಿದೆಯೇ? ಇದ್ದರೆ ಬರೆದು ತಿಳಿಸಿ. ನನ್ನ ನೋಟ್‌ಬುಕ್ಕಿನಲ್ಲಿ ಅದರ ಮುಂದೆ ಇನ್ನೂ ಜಾಗ ಇದೆ.